ಸೌತೆಕಾಯಿ ರಾಯತ ನೀರಾಗದಂತೆ ಮಾಡುವುದು ಹೇಗೆ: ಉಪ್ಪನ್ನು ಯಾವಾಗ, ಎಲ್ಲಿ, ಎಷ್ಟು ಹಾಕಬೇಕು

ಕಲಸಿದಾಗ ರಾಯತ ಚೆನ್ನಾಗಿ ಗಟ್ಟಿಯಾಗಿಯೇ ಇರುತ್ತದೆ. ಪುಲಾವ್ ದಮ್ಮಿಗೆ ಬಿಟ್ಟು, ತಟ್ಟೆ ಹಾಕಿ, ಎಲ್ಲರನ್ನೂ ಕರೆದು ಕೂರಿಸುವಷ್ಟರಲ್ಲಿ ಅದೇ ರಾಯತ ಮಜ್ಜಿಗೆಯಾಗಿರುತ್ತದೆ. ಬಡಿಸಿದರೆ ಅನ್ನದ ಕೆಳಗೆ ಹರಿದು ಹೋಗುತ್ತದೆ. ಉಪ್ಪು ನೋಡಿದರೆ ಅದೂ ಕಡಿಮೆ ಅನ್ನಿಸುತ್ತದೆ, ಮತ್ತೊಂದು ಚಿಟಿಕೆ ಹಾಕುತ್ತೇವೆ. ಹತ್ತು ನಿಮಿಷಕ್ಕೆ ಇನ್ನಷ್ಟು ನೀರು.

ಸಾಮಾನ್ಯವಾಗಿ ಬೈಗುಳ ಮೊಸರಿಗೆ ಬೀಳುತ್ತದೆ. ಮೊಸರಿನದೂ ಒಂದು ಪಾಲಿದೆ, ಅದನ್ನು ಆಮೇಲೆ ನೋಡೋಣ. ಆದರೆ ಜಾಸ್ತಿ ನೀರು ಬರುವುದು ಸೌತೆಕಾಯಿಯಿಂದ. ಉಪ್ಪು ಬಿದ್ದ ಮೇಲೆ ಆ ನೀರು ಹೊರಗೆ ಬಂದೇ ಬರುತ್ತದೆ, ತಡೆಯಲಾಗುವುದಿಲ್ಲ. ಅದು ಜರಡಿಯಲ್ಲಿ ಇಳಿಯಬೇಕೋ, ರಾಯತದ ಬಟ್ಟಲಲ್ಲಿ ಇಳಿಯಬೇಕೋ ಅನ್ನುವುದು ಮಾತ್ರ ನಮ್ಮ ಕೈಯಲ್ಲಿದೆ. ಮುಂದೆ ಹೇಳುವ ಹಂತಗಳೆಲ್ಲ ಇದೊಂದನ್ನೇ ಸಾಧಿಸಲು.

ನೀರು ಎಲ್ಲಿಂದ ಬರುತ್ತದೆ

ಸೌತೆಕಾಯಿಯ ತೂಕದಲ್ಲಿ ನೂರಕ್ಕೆ ಸುಮಾರು 95 ಪಾಲು ನೀರೇ. ಆ ನೀರು ಲಕ್ಷಾಂತರ ಸಣ್ಣ ಸಣ್ಣ ಜೀವಕೋಶಗಳಲ್ಲಿ ಒತ್ತಿ ತುಂಬಿರುತ್ತದೆ. ಎಳೆ ಸೌತೆಕಾಯಿ ಕಚ್ಚಿದಾಗ ಕರಕ್ ಅನ್ನುವುದು ಆ ಒತ್ತಡದಿಂದಲೇ. ಪ್ರತಿ ಕೋಶದ ಒಳಗೂ ಒಂದು ತೆಳು ಪೊರೆ ಇದೆ. ಅದು ನೀರನ್ನು ಸುಲಭವಾಗಿ ಬಿಡುತ್ತದೆ, ಉಪ್ಪನ್ನು ಬಿಡುವುದಿಲ್ಲ. ಹೊರಗೆ ಉಪ್ಪು ಕರಗಿದಾಗ ಹೊರಗಿನ ದ್ರವ ಒಳಗಿನದಕ್ಕಿಂತ ಗಾಢವಾಗುತ್ತದೆ. ಎರಡೂ ಕಡೆ ಸಮ ಆಗುವವರೆಗೆ ಒಳಗಿನ ನೀರು ಪೊರೆ ದಾಟಿ ಉಪ್ಪಿನ ಕಡೆಗೆ ಬರುತ್ತಲೇ ಇರುತ್ತದೆ. ಶಾಲೆಯಲ್ಲಿ ಅಭಿಸರಣ ಅಂತ ಓದಿದ್ದು ಇದೇ. ಉಪ್ಪಿನಕಾಯಿಗೆ ಉಪ್ಪು ಹಾಕಿಟ್ಟ ಮಾವಿನ ಹೋಳು ಮರುದಿನ ನೀರಲ್ಲಿ ಮುಳುಗಿರುವುದೂ ಇದರಿಂದಲೇ.

ಇದರ ಜೊತೆಗೆ ನಮ್ಮ ಚಾಕು, ತುರಿಮಣೆಯ ಕೆಲಸ ಇದೆ. ಹೆಚ್ಚಿದ ಕಡೆಯೆಲ್ಲ ಕೋಶಗಳು ಹರಿದು ಅಲ್ಲಿನ ನೀರು ತಾನಾಗಿಯೇ ಹೊರಬರುತ್ತದೆ, ಅದಕ್ಕೆ ಉಪ್ಪು ಬೇಕಿಲ್ಲ. ದೊಡ್ಡ ಹೋಳಿನಲ್ಲಿ ಹರಿದ ಜಾಗ ಕಡಿಮೆ. ತುರಿದರೆ ಬಹುಪಾಲು ಜಾಗ ಹರಿದೇ ಇರುತ್ತದೆ. ಹಾಗಾಗಿ ತುರಿದ ಸೌತೆಕಾಯಿ ಉಪ್ಪಿಲ್ಲದೆಯೂ ತಟ್ಟೆ ತುಂಬ ನೀರು ಬಿಡುತ್ತದೆ, ಉಪ್ಪು ಬಿದ್ದರಂತೂ ಕೇಳುವುದೇ ಬೇಡ. ಇದಲ್ಲದೆ ನಡುವಿನ ಬೀಜದ ಭಾಗ ಇದೆಯಲ್ಲ, ಆ ಲೋಳೆ ಲೋಳೆ ತಿರುಳು, ಅದು ಬೇಗ ಕರಗಿ ಮೊಸರಿನಲ್ಲಿ ಬೆರೆತುಹೋಗುತ್ತದೆ. ಬಲಿತ ಕಾಯಿಯಲ್ಲಿ ಇದರ ಪಾಲು ಜಾಸ್ತಿ.

ಸಕ್ಕರೆಯೂ ನೀರನ್ನು ಹೀಗೇ ಎಳೆಯುತ್ತದೆ. ಆದರೆ ಒಂದೇ ತೂಕಕ್ಕೆ ಹೋಲಿಸಿದರೆ ಉಪ್ಪಿನ ಎಳೆತ ಸಕ್ಕರೆಯದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ರಾಯತಕ್ಕೆ ಚಿಟಿಕೆ ಸಕ್ಕರೆ ಹಾಕುವವರು ಆ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ತಪ್ಪು ಸೌತೆಕಾಯಿಯದೋ, ಮೊಸರಿನದೋ?

ನಿಮ್ಮ ಮನೆಯ ರಾಯತದಲ್ಲಿ ಯಾವುದರ ಪಾಲು ದೊಡ್ಡದು ಅಂತ ತಿಳಿಯದೆ ಪರಿಹಾರ ಹುಡುಕಿದರೆ ಸುಮ್ನೆ ಕೆಲಸ ಹೆಚ್ಚುತ್ತದೆ. ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಒಂದು ಬಟ್ಟಲಿಗೆ ನಾಲ್ಕು ಚಮಚ ಮೊಸರು, ಚಿಟಿಕೆ ಉಪ್ಪು ಹಾಕಿ ಕದಡಿಡಿ. ಇನ್ನೊಂದು ಬಟ್ಟಲಿಗೆ ಒಂದು ಹಿಡಿ ಸೌತೆಕಾಯಿ, ಅಷ್ಟೇ ಉಪ್ಪು ಹಾಕಿ ಬೆರೆಸಿಡಿ. ಮೊಸರು ಬೇಡ. ಇಪ್ಪತ್ತು ನಿಮಿಷ ಬಿಟ್ಟು ಎರಡನ್ನೂ ಓರೆ ಮಾಡಿ ನೋಡಿ.

ಮೊಸರಿನ ಬಟ್ಟಲಲ್ಲಿ ಅಂಚಿನ ಸುತ್ತ ತಿಳಿಯಾದ, ಸ್ವಲ್ಪ ಹಳದಿ ಹಸಿರು ಬಣ್ಣದ ನೀರು ನಿಂತಿದ್ದರೆ ಮೊಸರನ್ನೂ ಸರಿ ಮಾಡಬೇಕು. ಮೊಸರು ಹಾಗೇ ಇದ್ದು ಸೌತೆಕಾಯಿಯ ಬಟ್ಟಲಲ್ಲಿ ನೀರು ನಿಂತಿದ್ದರೆ ಉತ್ತರ ಸಿಕ್ಕಿತು. ಬಹಳ ಮನೆಗಳಲ್ಲಿ ಎರಡೂ ಇರುತ್ತದೆ, ಸೌತೆಕಾಯಿಯದು ಎದ್ದು ಕಾಣುತ್ತದೆ.

ಕಾಯಿ ಆರಿಸುವುದು, ಹೆಚ್ಚುವುದು

ಎಳೆಯದು, ತೆಳ್ಳಗಿರುವುದು, ಒತ್ತಿದರೆ ಗಟ್ಟಿಯಾಗಿರುವುದು ಬೇಕು. ನಡುವೆ ಉಬ್ಬಿದ, ಹಳದಿಗೆ ತಿರುಗಿದ ಕಾಯಿಯಲ್ಲಿ ಬೀಜ ಬಲಿತಿರುತ್ತದೆ. ಹಸಿಯಾಗಿ ತಿನ್ನುವ ಸಾಮಾನ್ಯ ಸೌತೆ, ಕರಾವಳಿ ಕಡೆಯ ಮುಳ್ಳುಸೌತೆ, ಅಂಗಡಿಯಲ್ಲಿ ಪ್ಲಾಸ್ಟಿಕ್ ಸುತ್ತಿ ಮಾರುವ ಉದ್ದದ ಇಂಗ್ಲಿಷ್ ಸೌತೆ, ಯಾವುದಾದರೂ ನಡೆಯುತ್ತದೆ. ಇಂಗ್ಲಿಷ್ ಸೌತೆಯಲ್ಲಿ ಬೀಜ ಸಣ್ಣದಿರುವುದರಿಂದ ಕೆಲಸ ಕಡಿಮೆ. ಹುಳಿ, ಸಾಂಬಾರಿಗೆ ಹಾಕುವ ಮಂಗಳೂರು ಸೌತೆ ಇಲ್ಲಿಗಲ್ಲ.

ತುದಿಯ ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡಿ. ತೊಟ್ಟಿನ ಕಡೆ ಕಹಿ ಇದ್ದರೆ ಅಷ್ಟು ಕತ್ತರಿಸಿ ತೆಗೆಯಿರಿ. ಇಡೀ ಕಾಯಿ ಕಹಿಯಾಗಿದ್ದರೆ ಅದನ್ನು ಬಿಟ್ಟುಬಿಡಿ. ಉಪ್ಪು ಹಾಕಿ ಹಿಂಡಿದರೂ ಅಂಥ ಕಹಿ ಪೂರ್ತಿ ಹೋಗುವುದಿಲ್ಲ.

ಸಿಪ್ಪೆ ಎಳೆಯದಾಗಿದ್ದರೆ ಇರಲಿ. ಕಾಯಿಯನ್ನು ಉದ್ದಕ್ಕೆ ಎರಡು ಸೀಳು ಮಾಡಿ, ಚಿಕ್ಕ ಚಮಚದ ತುದಿಯನ್ನು ಬೀಜದ ಗೆರೆಯ ಮೇಲೆ ಒತ್ತಿ ಎಳೆಯಿರಿ. ಬೀಜ, ಲೋಳೆ ಒಟ್ಟಿಗೆ ಬರುತ್ತದೆ. ಒಂದು ಕಾಯಿಗೆ ಅರ್ಧ ನಿಮಿಷವೂ ಹಿಡಿಯದ ಕೆಲಸ ಇದು. ಇದೊಂದನ್ನು ಮಾಡಿದರೂ ರಾಯತ ಎಷ್ಟೋ ಸುಧಾರಿಸುತ್ತದೆ. ತೆಗೆದ ತಿರುಳನ್ನು ಮಜ್ಜಿಗೆಗೆ ಹಾಕಿ ಮಿಕ್ಸಿಯಲ್ಲಿ ತಿರುಗಿಸಿ ಕುಡಿಯಬಹುದು.

ಹೋಳೋ, ತುರಿಯೋ? ಬಾಯಿಗೆ ಕರಕರ ಸಿಗಬೇಕು, ಮಾಡಿದ ತಕ್ಷಣ ತಿನ್ನುತ್ತೀರಿ ಅಂದರೆ ಸಣ್ಣ ಹೋಳು. ಒಂದೆರಡು ಗಂಟೆ ಇಡಬೇಕು, ಮೊಸರಿನಲ್ಲಿ ಸೌತೆಕಾಯಿ ಬೆರೆತು ಮೆತ್ತಗಿರಬೇಕು ಅಂದರೆ ತುರಿ. ತುರಿಯುವುದಾದರೆ ಹಿಂಡುವುದನ್ನು ತಪ್ಪಿಸಲೇಬೇಡಿ. ತುರಿದು ಹಾಗೇ ಮೊಸರಿಗೆ ಸುರಿಯುವುದರಿಂದಲೇ ರಾಯತ ಅತಿ ಹೆಚ್ಚು ಕೆಡುವುದು.

ಉಪ್ಪು ಹಾಕಿ ಹಿಂಡುವ ಕ್ರಮ

ಆರು ಜನಕ್ಕೆ, ಒಂದು ಗಂಟೆಯ ಊಟಕ್ಕೆ, ತರಕಾರಿ ಪುಲಾವ್ ಜೊತೆ ಮಾಡುವ ರಾಯತವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅರ್ಧ ಕೆಜಿ ಸೌತೆಕಾಯಿ, ಅಂದರೆ ಮಧ್ಯಮ ಗಾತ್ರದ ಮೂರು ಕಾಯಿ. ಅರ್ಧ ಲೀಟರ್ ಮೊಸರು. ಸಿಪ್ಪೆ, ಬೀಜ ತೆಗೆದ ಮೇಲೆ ಸೌತೆಕಾಯಿ ಸುಮಾರು 350 ಗ್ರಾಂ ಉಳಿಯುತ್ತದೆ.

ಹನ್ನೆರಡು ಗಂಟೆಗೆ ಸೌತೆಕಾಯಿ ಹೆಚ್ಚಿ ಅಥವಾ ತುರಿದು ಅಗಲದ ಬೋಗುಣಿಗೆ ಹಾಕಿ. ಅದಕ್ಕೆ ಒಂದು ಚಿಕ್ಕ ಚಮಚ ಪುಡಿ ಉಪ್ಪು. ಟೀ ಚಮಚವೇ ಇರಲಿ, ತುಂಬಿದ್ದಲ್ಲ, ಸಮ ಮಾಡಿದ್ದು. ಸುಮಾರು ಐದಾರು ಗ್ರಾಂ ಆಗುತ್ತದೆ. ಕಲ್ಲುಪ್ಪು ಇಲ್ಲಿ ಅಷ್ಟು ಒಳ್ಳೆಯದಲ್ಲ, ಏಕೆಂದರೆ ಅದು ಕರಗುವುದು ನಿಧಾನ, ಎಲ್ಲ ಹೋಳಿಗೂ ಸಮನಾಗಿ ತಾಗುವುದಿಲ್ಲ. ಕಲ್ಲುಪ್ಪೇ ಬೇಕಿದ್ದರೆ ಕುಟ್ಟಿ ಪುಡಿ ಮಾಡಿಕೊಳ್ಳಿ. ಕೈಯಿಂದಲೇ ಬೆರೆಸಿ, ಎಲ್ಲ ಹೋಳಿಗೂ ಉಪ್ಪು ಹತ್ತಬೇಕು.

ಈಗ ಅದನ್ನು ತೂತಿನ ಪಾತ್ರೆಗೆ ಅಥವಾ ಜರಡಿಗೆ ಸುರಿದು, ಕೆಳಗೆ ಒಂದು ಪಾತ್ರೆ ಇಡಿ. ಬೋಗುಣಿಯಲ್ಲೇ ಬಿಟ್ಟರೂ ನೀರು ಬಿಡುತ್ತದೆ. ಆದರೆ ಆ ನೀರಲ್ಲೇ ಹೋಳು ನೆನೆಯುತ್ತ ಇರುತ್ತದೆ, ಉಪ್ಪೂ ಒಳಗೆ ಹೆಚ್ಚು ಇಳಿಯುತ್ತದೆ. ಇಳಿದ ನೀರು ದೂರ ಹೋಗುವುದು ಉತ್ತಮ. ಐದು ನಿಮಿಷಕ್ಕೆ ಹೋಳಿನ ಮೇಲೆ ಬೆವರಿನ ಹನಿ ಕಾಣುತ್ತದೆ. ಹತ್ತು ನಿಮಿಷಕ್ಕೆ ಕೆಳಗೆ ತೊಟ್ಟಿಕ್ಕುವ ಸದ್ದು. ತುರಿಗೆ ಹದಿನೈದು ನಿಮಿಷ ಸಾಕು, ಹೋಳಿಗೆ ಇಪ್ಪತ್ತೈದರಿಂದ ಮೂವತ್ತು. ಗಂಟೆಗಟ್ಟಲೆ ಬಿಡುವುದರಿಂದ ಲಾಭವಿಲ್ಲ, ಸೌತೆಕಾಯಿ ಸುಮ್ನೆ ಜೋಲುಬೀಳುತ್ತದೆ.

ಸಾಕಾಯಿತೋ ಇಲ್ಲವೋ ತಿಳಿಯಲು ಒಂದು ಹೋಳನ್ನು ಬಗ್ಗಿಸಿ ನೋಡಿ. ಹಸಿ ಹೋಳು ಪಟಕ್ಕನೆ ಮುರಿಯುತ್ತದೆ. ನೀರು ಬಿಟ್ಟ ಹೋಳು ಮುರಿಯದೆ ಬಾಗುತ್ತದೆ, ಆದರೆ ಹಲ್ಲಿಗೆ ಇನ್ನೂ ಗಟ್ಟಿಯೇ ಇರುತ್ತದೆ. ಅಲ್ಲಿಗೆ ನಿಲ್ಲಿಸಿ.

ಆಮೇಲೆ ಹಿಂಡುವುದು. ತುರಿಯನ್ನು ಒಂದೊಂದು ಹಿಡಿಯಾಗಿ ಎರಡೂ ಅಂಗೈ ನಡುವೆ ಒತ್ತಿ, ಅಥವಾ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ತಿರುಚಿ. ಹೋಳನ್ನು ಹಾಗೆ ತಿರುಚಿದರೆ ಮುದ್ದೆಯಾಗುತ್ತದೆ. ಜರಡಿಯಲ್ಲೇ ಅಂಗೈಯಿಂದ ಮೆಲ್ಲಗೆ ಒತ್ತಿ ಅಷ್ಟೇ. ಇಷ್ಟು ಸೌತೆಕಾಯಿಯಿಂದ ಇಳಿದದ್ದು, ಹಿಂಡಿದ್ದು ಎಲ್ಲ ಸೇರಿ ಸುಮಾರು ಅರ್ಧ ಲೋಟ ನೀರು ಸಿಗುತ್ತದೆ. ತುರಿಯಾದರೆ ಇನ್ನೂ ಸ್ವಲ್ಪ ಜಾಸ್ತಿ. ಹಿಂಡದಿದ್ದರೆ ಅಷ್ಟೂ ನೀರು ರಾಯತಕ್ಕೆ ಸೇರುತ್ತಿತ್ತು ಅನ್ನುವುದನ್ನು ಒಮ್ಮೆ ಕಣ್ಣಾರೆ ನೋಡಿದವರು ಆಮೇಲೆ ಈ ಹಂತ ಬಿಡುವುದಿಲ್ಲ. ನೀರನ್ನು ಚೆಲ್ಲಬೇಡಿ. ಚಪಾತಿ ಹಿಟ್ಟು ಕಲಸಲು, ಸಾರಿಗೆ, ಮಜ್ಜಿಗೆಗೆ ಬಳಸಬಹುದು. ಅದರಲ್ಲಿ ಉಪ್ಪಿದೆ, ಅಲ್ಲಿ ಉಪ್ಪು ಕಡಿಮೆ ಮಾಡಿಕೊಳ್ಳಿ.

ಎಚ್ಚರ ಬೇಕಾಗಿರುವುದು ಉಪ್ಪಿನ ಲೆಕ್ಕದಲ್ಲಿ. ಹಾಕಿದ ಉಪ್ಪಿನಲ್ಲಿ ಹೆಚ್ಚುಕಡಿಮೆ ಅರ್ಧ ಆ ನೀರಿನ ಜೊತೆ ಹೋಗಿರುತ್ತದೆ, ಅರ್ಧ ಸೌತೆಕಾಯಿಯಲ್ಲೇ ಇರುತ್ತದೆ. ಹಾಗಾಗಿ ಮೊಸರಿಗೆ ಮೊದಲೇ ಉಪ್ಪು ಹಾಕಬೇಡಿ. ಸಪ್ಪೆ ಮೊಸರಿಗೆ ಸೌತೆಕಾಯಿ ಬೆರೆಸಿ, ಎರಡು ನಿಮಿಷ ಬಿಟ್ಟು, ರುಚಿ ನೋಡಿ, ಆಮೇಲೆ ಬೇಕಿದ್ದರೆ ಒಂದೊಂದೇ ಚಿಟಿಕೆ. ಹಿಂಡಿದ ಸೌತೆಕಾಯಿಯೇ ಬಾಯಿಗೆ ಜಾಸ್ತಿ ಉಪ್ಪು ಅನ್ನಿಸಿದರೆ ಒಂದು ಸಲ ತಣ್ಣೀರಲ್ಲಿ ಜಾಲಿಸಿ ಮತ್ತೆ ಹಿಂಡಿ. ನೀರಲ್ಲಿ ನೆನೆಸಿ ಬಿಡಬೇಡಿ, ಕಳೆದುಕೊಂಡ ನೀರನ್ನು ಅದು ಮತ್ತೆ ಕುಡಿದುಬಿಡುತ್ತದೆ.

ಮೊಸರು ನೀರೊಡೆಯದಂತೆ

ಮೊಸರು ಗಟ್ಟಿಯಾಗಿ ಕಂಡರೂ ಅದರಲ್ಲೂ ಬಹುಪಾಲು ನೀರೇ. ಹಾಲಿನ ಪ್ರೋಟೀನ್ ಹೆಪ್ಪುಗಟ್ಟಿ ಬಲೆಯಂತೆ ಹೆಣೆದುಕೊಂಡು ಆ ನೀರನ್ನು ಹಿಡಿದಿಟ್ಟಿರುತ್ತದೆ. ಚಮಚದಿಂದ ಜೋರಾಗಿ ಕಡೆದರೆ ಬಲೆ ಹರಿದು ತಿಳಿನೀರು ಬೇರೆಯಾಗುತ್ತದೆ. ಹುಳಿ ಜಾಸ್ತಿಯಾದಷ್ಟೂ ಬಲೆ ಬಿಗಿಯಾಗಿ ನೀರನ್ನು ಹೊರಗೆ ತಳ್ಳುತ್ತದೆ. ಎರಡು ದಿನದ ಹುಳಿ ಮೊಸರಿನಲ್ಲಿ ರಾಯತ ಮಾಡಿದರೆ ಸೌತೆಕಾಯಿ ಎಷ್ಟು ಹಿಂಡಿದರೂ ಅಂಚಲ್ಲಿ ನೀರು ಕಾಣುವುದು ಇದಕ್ಕೇ.

ಹಾಲಿನ ಆಯ್ಕೆಯೂ ಮುಖ್ಯ. ಪ್ಯಾಕೆಟ್ ಹಾಲಿನಲ್ಲಿ ಟೋನ್ಡ್ ಅಂದರೆ ಕೊಬ್ಬು ಕನಿಷ್ಠ ಶೇ 3, ಕೊಬ್ಬು ಬಿಟ್ಟು ಉಳಿದ ಘನಾಂಶ ಶೇ 8.5. ಫುಲ್ ಕ್ರೀಮ್ ಅಂದರೆ ಕೊಬ್ಬು ಶೇ 6, ಘನಾಂಶ ಶೇ 9. ರಾಯತಕ್ಕೆ ಅಂತಲೇ ಹೆಪ್ಪು ಹಾಕುವುದಾದರೆ ಎರಡನೆಯದು ಒಳ್ಳೆಯದು. ಟೋನ್ಡ್ ಹಾಲೇ ಇದ್ದರೆ ಸಣ್ಣ ಉರಿಯಲ್ಲಿ ಸ್ವಲ್ಪ ಹೊತ್ತು ಕುದಿಸಿ ಇಂಗಿಸಿ, ಬೆಚ್ಚಗಾದ ಮೇಲೆ ಹೆಪ್ಪು ಹಾಕಿ. ಹೆಪ್ಪಾದ ತಕ್ಷಣ ಫ್ರಿಜ್‌ಗೆ ಇಟ್ಟರೆ ಹುಳಿ ಏರುವುದು ನಿಧಾನವಾಗುತ್ತದೆ, ತಣ್ಣಗಾದಾಗ ಮೊಸರು ಗಟ್ಟಿಯೂ ಆಗುತ್ತದೆ.

ಇಷ್ಟೆಲ್ಲ ಮಾಡಲು ಹೊತ್ತಿಲ್ಲ, ಇರುವ ಮೊಸರಲ್ಲೇ ಆಗಬೇಕು ಅಂದರೆ ಬಟ್ಟೆಯಲ್ಲಿ ಕಟ್ಟುವುದೇ ದಾರಿ. ನಮ್ಮ ಲೆಕ್ಕದ ಅರ್ಧ ಲೀಟರ್ ಮೊಸರನ್ನು ಸೌತೆಕಾಯಿಗೂ ಮುಂಚೆ, ಹನ್ನೊಂದೂವರೆ ಹೊತ್ತಿಗೆ, ಜರಡಿಯ ಮೇಲೆ ಹಾಸಿದ ತೆಳು ಬಟ್ಟೆಗೆ ಸುರಿದು ಮುಕ್ಕಾಲು ಗಂಟೆ ಬಿಡಿ. ಸುಮಾರು ಅರ್ಧ ಲೋಟ ತಿಳಿನೀರು ಇಳಿಯುತ್ತದೆ, ಮೊಸರು ತುಸು ಗಟ್ಟಿಯಾಗುತ್ತದೆ. ಅಷ್ಟೇ ಸಾಕು. ಶ್ರೀಖಂಡಕ್ಕೆ ಕಟ್ಟುವ ಹಾಗೆ ರಾತ್ರಿಯಿಡೀ ಕಟ್ಟಿದರೆ ರಾಯತ ಚಟ್ನಿಯಂತೆ ನಿಂತುಬಿಡುತ್ತದೆ, ಅನ್ನಕ್ಕೆ ಕಲೆಯುವುದಿಲ್ಲ.

ಕಲಸುವಾಗ ಮೊಸರನ್ನು ಮೊದಲು ಚಮಚದಿಂದ ಮೆಲ್ಲಗೆ ನುಣುಪಾಗುವವರೆಗೆ ತಿರುಗಿಸಿ. ಕಡಗೋಲು, ಮಿಕ್ಸಿ, ವಿಸ್ಕ್ ಬೇಡ. ಆಮೇಲೆ ಸೌತೆಕಾಯಿ ಹಾಕಿ ಕೆಳಗಿನಿಂದ ಮೇಲಕ್ಕೆ ಎತ್ತಿ ಹಾಕುತ್ತ ಬೆರೆಸಿ.

ಈರುಳ್ಳಿ, ಟೊಮೇಟೊ ಹಾಕುವವರಿಗೆ ಒಂದು ಮಾತು. ಟೊಮೇಟೊ ಸೌತೆಕಾಯಿಗಿಂತ ಕಮ್ಮಿಯೇನಲ್ಲ. ಬೀಜ, ರಸ ತೆಗೆದು ಬರೀ ತೊಗಟೆಯ ಭಾಗವನ್ನು ಹೆಚ್ಚಿ, ಬಡಿಸುವ ಮುಂಚೆ ಸೇರಿಸಿ. ಈರುಳ್ಳಿ ಅಷ್ಟು ತೊಂದರೆ ಕೊಡುವುದಿಲ್ಲ. ಒಗ್ಗರಣೆಯನ್ನು ಆರಿಸಿ ಹಾಕಿ. ಕಾದ ಎಣ್ಣೆ ಬಿದ್ದ ಜಾಗದಲ್ಲಿ ಮೊಸರು ಒಡೆಯುತ್ತದೆ.

ಹಿಂಡದೆ ಮಾಡುವ ದಾರಿ

ಹಿಂಡಿದ ಸೌತೆಕಾಯಿಗೆ ಹಸಿಯ ತಾಜಾತನ ಇರುವುದಿಲ್ಲ. ಇದು ನಿಜ. ಬೇಸಿಗೆಯ ಮಧ್ಯಾಹ್ನ ಮೊಸರನ್ನದ ಜೊತೆ ಕರಕರ ಸೌತೆಕಾಯಿ ಬೇಕು ಅನ್ನಿಸಿದರೆ ಉಪ್ಪು ಹಾಕಿ ಹಿಂಡುವ ಗೋಜಿಗೇ ಹೋಗಬೇಡಿ. ಆಗ ಉಪ್ಪನ್ನು ಕೊನೆಗೆ ಹಾಕುವುದೊಂದೇ ಉಪಾಯ. ರಾಮನವಮಿಯ ಕೋಸಂಬರಿಗೆ ಬಡಿಸುವ ಹೊತ್ತಿಗಷ್ಟೇ ಉಪ್ಪು ಬೆರೆಸುತ್ತಾರಲ್ವಾ, ಅಲ್ಲಿ ನಡೆಯುವುದೂ ಇದೇ ಲೆಕ್ಕ.

ಬೀಜ ತೆಗೆದು ಹೆಚ್ಚಿದ ಹೋಳನ್ನು ಬಟ್ಟೆಯಿಂದ ಒತ್ತಿ ಒರೆಸಿ ಫ್ರಿಜ್‌ನಲ್ಲಿಡಿ. ಮೊಸರು, ಹಸಿಮೆಣಸಿನಕಾಯಿ, ಕೊತ್ತಂಬರಿ, ಒಗ್ಗರಣೆ ಬೇರೆ ಬಟ್ಟಲಲ್ಲಿ ತಯಾರಾಗಿರಲಿ. ಇದರಲ್ಲೂ ಉಪ್ಪು ಬೇಡ. ತಟ್ಟೆ ಹಾಕಿದ ಮೇಲೆ ಎರಡನ್ನೂ ಸೇರಿಸಿ, ಉಪ್ಪು ಹಾಕಿ, ಬಡಿಸಿ. ಇದು ಹದಿನೈದು ಇಪ್ಪತ್ತು ನಿಮಿಷ ಚೆನ್ನಾಗಿರುತ್ತದೆ, ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ. ಎರಡನೇ ಸಲ ಬಡಿಸಬೇಕಾದರೆ ಅರ್ಧ ಭಾಗಕ್ಕೆ ಮಾತ್ರ ಉಪ್ಪು ಹಾಕಿ, ಉಳಿದದ್ದಕ್ಕೆ ಆಮೇಲೆ.

ಆಫೀಸಿನ ಡಬ್ಬಿಗೂ ಇದೇ ಸರಿ. ಮೊಸರಿಗೆ ಉಪ್ಪು ಹಾಕಿ ಒಂದು ಡಬ್ಬಿ, ಒರೆಸಿದ ಹೋಳು ಇನ್ನೊಂದು ಡಬ್ಬಿ. ಊಟದ ಹೊತ್ತಿಗೆ ಬೆರೆಸಿಕೊಳ್ಳುವುದು. ಎರಡು ಡಬ್ಬಿ ಒಯ್ಯಲು ಬೇಸರವಾದರೆ ತುರಿದು ಚೆನ್ನಾಗಿ ಹಿಂಡಿದ ರಾಯತವೇ ಮೇಲು.

ನೀರನ್ನು ಹೀರಿಕೊಳ್ಳುವ ಏನಾದರೂ ಸೇರಿಸುವುದು ಇನ್ನೊಂದು ದಾರಿ. ಸೌತೆಕಾಯಿ ಸಾಸಿವೆಗೆ ರುಬ್ಬಿ ಹಾಕುವ ತೆಂಗಿನಕಾಯಿ ಈ ಕೆಲಸವನ್ನೂ ಮಾಡುತ್ತದೆ. ಮೊಸರು ಸ್ವಲ್ಪ ಸಡಿಲವಾದರೂ ಕಾಯಿ ಅದನ್ನು ಹಿಡಿದಿಡುತ್ತದೆ. ಉತ್ತರ ಕರ್ನಾಟಕದ ಕಡೆ ಸೌತೆಕಾಯಿ ಪಚಡಿಗೆ ಹಾಕುವ ಶೇಂಗಾ ಪುಡಿಯೂ ಹಾಗೇ. ಮನೆಯಲ್ಲಿ ಹುರಿಗಡಲೆ ಇದ್ದರೆ ಅದನ್ನು ನುಣ್ಣಗೆ ಪುಡಿ ಮಾಡಿ ಅರ್ಧ ಲೀಟರ್ ಮೊಸರಿಗೆ ಒಂದು ದೊಡ್ಡ ಚಮಚ ಹಾಕಿ ನೋಡಿ. ಅದಕ್ಕಿಂತ ಜಾಸ್ತಿ ಹಾಕಿದರೆ ಹಿಟ್ಟು ಹಿಟ್ಟಾದ ರುಚಿ ಬರುತ್ತದೆ.

ಆಗಲೇ ನೀರಾಗಿದ್ದರೆ

ಮೊದಲು ಇನ್ನಷ್ಟು ಉಪ್ಪು ಹಾಕುವ ಕೈ ತಡೆಯಿರಿ. ರಾಯತವನ್ನು ಜರಡಿಗೆ ಸುರಿದು ಐದು ನಿಮಿಷ ಬಿಟ್ಟರೆ ಸಡಿಲ ಮೊಸರು ಕೆಳಗಿಳಿದು ಸೌತೆಕಾಯಿ ಮೇಲೆ ಉಳಿಯುತ್ತದೆ. ಸೌತೆಕಾಯಿಯನ್ನು ಚಮಚದಿಂದ ಒತ್ತಿ, ಹೊಸದಾಗಿ ಒಂದು ಲೋಟ ಗಟ್ಟಿ ಮೊಸರಿಗೆ, ಉಪ್ಪಿಲ್ಲದ್ದಕ್ಕೆ, ಹಾಕಿ ಕಲಸಿ. ಅಷ್ಟೊತ್ತಿಗೆ ಅದು ಬಿಡಬೇಕಾದ ನೀರನ್ನು ಬಹುಮಟ್ಟಿಗೆ ಬಿಟ್ಟಿರುತ್ತದೆ, ಈ ಸಲ ನಿಲ್ಲುತ್ತದೆ. ಕೆಳಗಿಳಿದದ್ದಕ್ಕೆ ಶುಂಠಿ, ಕರಿಬೇವು ಜಜ್ಜಿ ಹಾಕಿ, ನೀರು ಬೆರೆಸಿದರೆ ಊಟದ ಕೊನೆಗೆ ಮಜ್ಜಿಗೆ ಆಯಿತು.

ಮೊಸರೂ ಇಲ್ಲದಿದ್ದರೆ ಹುರಿಗಡಲೆ ಪುಡಿ ಹಾಕಿ ಹತ್ತು ನಿಮಿಷ ಬಿಡಿ, ಸ್ವಲ್ಪ ಮಟ್ಟಿಗೆ ಕೂಡಿಕೊಳ್ಳುತ್ತದೆ. ಉಳಿದ ರಾಯತವನ್ನು ಫ್ರಿಜ್‌ನಲ್ಲಿಟ್ಟರೆ ರಾತ್ರಿ ಊಟದ ಹೊತ್ತಿಗೆ ಮೇಲೆ ತೆಳುವಾಗಿ ನೀರು ನಿಂತಿರಬಹುದು. ಹಿಂಡಿ ಮಾಡಿದ ರಾಯತದಲ್ಲೂ ಇಷ್ಟು ಆಗುತ್ತದೆ. ಅದನ್ನು ಕದಡದೆ ಮೆಲ್ಲಗೆ ಬಗ್ಗಿಸಿ ತೆಗೆದು ಬಡಿಸಿ. ಮರುದಿನಕ್ಕೆ ಇಡಬೇಡಿ, ಸೌತೆಕಾಯಿ ಜೋಲುಬಿದ್ದು ಮೊಸರು ಹುಳಿಯಾಗಿರುತ್ತದೆ.